ಬಾಟಲಿಯ ಬೆನ್ನಿನ ಮೇಲಿನ ಎರಡನೆಯ ಹೆಸರು

ಭಾನುವಾರ ಬೆಳಗ್ಗೆ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿಕೊಂಡು, ಒಂದು ಗಂಟೆ ನೆನೆಯಲು ಬಿಟ್ಟು ಸ್ನಾನಕ್ಕೆ ಹೋದವರು ಹೊಸದಾಗಿ ತಂದ ‘ಸಲ್ಫೇಟ್ ಫ್ರೀ’ ಶಾಂಪೂ ಹಾಕಿಕೊಂಡು ಉಜ್ಜುತ್ತಾರೆ. ನೊರೆಯೇ ಏಳುವುದಿಲ್ಲ. ಇನ್ನಷ್ಟು ಸುರಿದುಕೊಳ್ಳುತ್ತಾರೆ. ಕೂದಲು ಒಣಗಿದ ಮೇಲೂ ಬೆರಳಿಗೆ ಜಿಡ್ಡು ಅಂಟುತ್ತದೆ. ಅದೇ ಬಾಟಲಿ ಪಕ್ಕದ ಮನೆಯವರ ನೆತ್ತಿಯ ಉರಿ ಕಡಿಮೆ ಮಾಡಿರುತ್ತದೆ. ಮೂರನೆಯವರೊಬ್ಬರು ಬೇರೆ ಕಂಪನಿಯ ಸಲ್ಫೇಟ್ ಫ್ರೀ ಕೊಂಡಿರುತ್ತಾರೆ. ಅವರ ತಲೆಯ ಚರ್ಮ ಮೊದಲಿನಂತೆಯೇ ಬಿಗಿದು ಒಣಗುತ್ತದೆ.

ಮೂವರ ಅನುಭವವೂ ನಿಜ. ಬಾಟಲಿಯ ಮುಂಭಾಗ ಹೇಳುವುದು ಒಳಗೆ ಏನಿಲ್ಲ ಎಂಬುದನ್ನು ಮಾತ್ರ. ಅದರ ಜಾಗದಲ್ಲಿ ಏನು ಹಾಕಿದ್ದಾರೆ ಎಂಬುದು ಹಿಂಬದಿಯಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದ ಸಣ್ಣ ಅಕ್ಷರಗಳಲ್ಲಿದೆ.

ಶಾಂಪೂವಿನಲ್ಲಿ ಕೊಳೆ ತೆಗೆಯುವ ಅಂಶದ ಕಣಕ್ಕೆ ಎರಡು ತುದಿ. ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಎಣ್ಣೆಯನ್ನು. ಇಂಥ ನೂರಾರು ಕಣಗಳು ಒಂದು ಹನಿ ಜಿಡ್ಡನ್ನು ಸುತ್ತುವರಿದು ನೀರಿನ ಜೊತೆ ಹೊರಗೆ ಸಾಗಿಸುತ್ತವೆ. ಈ ಕೆಲಸದಲ್ಲಿ ಅಗ್ಗವೂ ಚುರುಕೂ ಆದದ್ದು ಸಲ್ಫೇಟ್ ಗುಂಪು. ತೊಂದರೆಯೆಂದರೆ, ಅದು ಜಿಡ್ಡಿನ ಜೊತೆಗೆ ಚರ್ಮದ ಮೇಲ್ಪದರದ ಕೊಬ್ಬನ್ನೂ ಒಂದಿಷ್ಟು ಎಳೆದೊಯ್ಯುತ್ತದೆ, ಅಲ್ಲಿನ ಪ್ರೋಟೀನನ್ನೂ ಕೆಣಕುತ್ತದೆ. ಆಗ ಚರ್ಮದ ತೇವ ಸೋರಿ ಉರಿ, ಬಿಗಿತ ಶುರುವಾಗುತ್ತದೆ.

ಆದರೆ ಸಲ್ಫೇಟುಗಳೆಲ್ಲ ಒಂದೇ ಅಲ್ಲ. ಸೋಡಿಯಂ ಲಾರಿಲ್ ಸಲ್ಫೇಟ್ ಎಂಬುದು ಇವುಗಳಲ್ಲಿ ಖಾರದ್ದು. ಚರ್ಮರೋಗ ಸಂಶೋಧಕರು ಬೇಕೆಂದೇ ಚರ್ಮಕ್ಕೆ ಕಿರಿಕಿರಿ ಮಾಡಿ ಪರೀಕ್ಷಿಸುವಾಗ ಬಳಸುವುದು ಇದನ್ನೇ. ಈ ಮಾತನ್ನು ಹಿಡಿದುಕೊಂಡೇ ಎಷ್ಟೋ ಜಾಹೀರಾತುಗಳು ಹೆದರಿಸುತ್ತವೆ. ಅವು ಬಿಟ್ಟುಬಿಡುವ ಸಂಗತಿ ಒಂದಿದೆ. ಆ ಪರೀಕ್ಷೆಗಳಲ್ಲಿ ದ್ರಾವಣವನ್ನು ಪಟ್ಟಿಯೊಳಗೆ ಮುಚ್ಚಿ ಸಾಮಾನ್ಯವಾಗಿ 24 ಗಂಟೆ ಚರ್ಮಕ್ಕೆ ಅಂಟಿಸಿಡುತ್ತಾರೆ. ತಲೆಯ ಮೇಲೆ ಶಾಂಪೂ ಇರುವುದು ನೀರು ಬೆರೆತು ಎರಡು ನಿಮಿಷ. ಅಮೆರಿಕದ ಸೌಂದರ್ಯವರ್ಧಕ ಪರಿಶೀಲನಾ ಸಮಿತಿ 1983ರಲ್ಲೇ ಇದನ್ನು ಬೇರ್ಪಡಿಸಿ ಹೇಳಿತ್ತು: ಹಚ್ಚಿ ಬೇಗ ತೊಳೆಯುವ ವಸ್ತುಗಳಲ್ಲಿ ಇದು ಸುರಕ್ಷಿತ, ಚರ್ಮದ ಮೇಲೆ ಬಹುಹೊತ್ತು ಉಳಿಯುವ ವಸ್ತುಗಳಲ್ಲಿ ಶೇ 1 ದಾಟಬಾರದು. ಕ್ಯಾನ್ಸರ್ ತರುತ್ತದೆಂಬ ಸುದ್ದಿಗೆ ಆಧಾರವಿಲ್ಲ.

ಇಂದು ಹೆಚ್ಚಿನ ಶಾಂಪೂಗಳಲ್ಲಿರುವುದು ಇದರ ಸೌಮ್ಯ ಸೋದರ, ಸೋಡಿಯಂ ಲಾರೆತ್ ಸಲ್ಫೇಟ್. ಜೊತೆಗೆ ಕೊಕಾಮಿಡೋಪ್ರೊಪೈಲ್ ಬಿಟೈನ್ ಬೆರೆಸಿದರೆ ಅದು ಇನ್ನೂ ಮೆತ್ತಗಾಗುತ್ತದೆ, ಏಕೆಂದರೆ ಎರಡೂ ಸೇರಿ ದೊಡ್ಡ ಗುಂಪುಗಳಾಗಿ ಕೂಡಿಕೊಳ್ಳುತ್ತವೆ. ಚರ್ಮದೊಳಗೆ ನುಸುಳುವ ಒಂಟಿ ಕಣಗಳು ಕಡಿಮೆಯಾಗುತ್ತವೆ. ಹೀಗಾಗಿ ಒಂದು ಹೆಸರನ್ನು ನೋಡಿ ಇಡೀ ಬಾಟಲಿಯನ್ನು ದೂರುವುದು ತಪ್ಪು.

ಸೀಗೆಕಾಯಿ ಮತ್ತು ಅಂಟುವಾಳದ ನೊರೆಗೆ ಸಲ್ಫೇಟಿನ ಸೋಂಕೂ ಇಲ್ಲ, ಅದು ಸಪೋನಿನ್ ಎಂಬ ಸಸ್ಯಾಂಶದ್ದು. ಚಿಕ್ಕಂದಿನಲ್ಲಿ ಅಜ್ಜಿಯ ಕೈಯಲ್ಲಿ ತಲೆ ತೊಳೆಸಿಕೊಂಡು ಸೀಗೆಪುಡಿ ಕಣ್ಣಿಗೆ ಬಿದ್ದವರಿಗೆ, ಸಲ್ಫೇಟ್ ಇಲ್ಲದ್ದೆಲ್ಲ ಸೌಮ್ಯವಲ್ಲ ಎಂಬುದನ್ನು ಬೇರೆ ಯಾರೂ ವಿವರಿಸಬೇಕಿಲ್ಲ.

ಈಗ ಬಾಟಲಿಯನ್ನು ತಿರುಗಿಸೋಣ. ಶೇ 1ಕ್ಕಿಂತ ಹೆಚ್ಚಿರುವ ಅಂಶಗಳನ್ನು ಹೆಚ್ಚಿನಿಂದ ಕಡಿಮೆಗೆ ಅನುಕ್ರಮವಾಗಿ ಬರೆಯಬೇಕು, ಅದಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು ಎಂಬುದು ನಿಯಮ. ಮೊದಲ ಹೆಸರು ‘ಆಕ್ವಾ’, ಅಂದರೆ ನೀರು. ಎರಡನೆಯದರಿಂದ ನಾಲ್ಕನೆಯದರವರೆಗೆ ಇರುವುದೇ ಸಾಮಾನ್ಯವಾಗಿ ತಲೆ ತೊಳೆಯುವ ಅಂಶಗಳು. ಓದಬೇಕಾದ್ದು ಮುಖ್ಯವಾಗಿ ಆ ಮೂರು ಹೆಸರುಗಳನ್ನು.

ಒಂದು ಮಾದರಿ ತೆಗೆದುಕೊಳ್ಳಿ. ಮುಂದೆ ‘ಸಲ್ಫೇಟ್ ಫ್ರೀ ಈರುಳ್ಳಿ ಶಾಂಪೂ’ ಎಂದಿದೆ. ಹಿಂದೆ: ಆಕ್ವಾ, ಸೋಡಿಯಂ ಸಿ14-16 ಓಲೆಫಿನ್ ಸಲ್ಫೋನೇಟ್, ಕೊಕಾಮಿಡೋಪ್ರೊಪೈಲ್ ಬಿಟೈನ್, ಗ್ಲಿಸರಿನ್, ಫಿನಾಕ್ಸಿಎಥನಾಲ್, ಈರುಳ್ಳಿ ಸಾರ, ಸುಗಂಧ. ಎರಡನೆಯ ಹೆಸರು ಸಲ್ಫೋನೇಟ್. ಸಲ್ಫೇಟ್ ಅಲ್ಲ ಎಂಬುದು ರಸಾಯನಶಾಸ್ತ್ರದ ಮಟ್ಟಿಗೆ ಸತ್ಯ. ಆದರೆ ಜಿಡ್ಡು ತೆಗೆಯುವುದರಲ್ಲೂ ಚರ್ಮ ಒಣಗಿಸುವುದರಲ್ಲೂ ಅದು ಸಲ್ಫೇಟಿಗೆ ಹತ್ತಿರದ ನೆಂಟ. ಆ ಮೂರನೆಯವರ ತಲೆ ಬಿಗಿದದ್ದು ಇದರಿಂದ ಇರಬಹುದು. ಇನ್ನು ಫಿನಾಕ್ಸಿಎಥನಾಲ್ ಕೆಡದಂತೆ ಕಾಯುವ ಅಂಶ. ಅದನ್ನು ಶೇ 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಅದರ ನಂತರ ಬಂದ ಈರುಳ್ಳಿ ಸಾರವೂ ಶೇ 1 ದಾಟಿಲ್ಲ ಎಂದಾಯಿತು. ಬಾಟಲಿಯ ಮುಂಭಾಗವನ್ನೆಲ್ಲ ಆಕ್ರಮಿಸಿದ ಈರುಳ್ಳಿಯ ಚಿತ್ರಕ್ಕೂ ಒಳಗಿನ ಪ್ರಮಾಣಕ್ಕೂ ಸಂಬಂಧವಿಲ್ಲ.

ಒಣ ಅಥವಾ ಬೇಗ ಉರಿಯುವ ನೆತ್ತಿಯವರು ಎರಡನೆಯ ಜಾಗದಲ್ಲಿ ಹುಡುಕಬೇಕಾದ್ದು ಸೋಡಿಯಂ ಕೊಕಾಯ್ಲ್ ಐಸೆಥಿಯೊನೇಟ್, ಡೆಸೈಲ್ ಗ್ಲುಕೋಸೈಡ್ ಅಥವಾ ಕೊಕೊ ಗ್ಲುಕೋಸೈಡ್. ಇವರಿಗೆ ಸಲ್ಫೇಟ್ ಫ್ರೀ ನಿಜವಾಗಿ ಹಿತ ಕೊಡಬಹುದು. ನೊರೆ ಕಡಿಮೆ ಬಂದರೆ ಕೆಲಸ ಮಾಡುತ್ತಿಲ್ಲ ಎಂದುಕೊಳ್ಳಬೇಕಿಲ್ಲ.

ವಾರಕ್ಕೊಮ್ಮೆ ಎಣ್ಣೆ ಹಚ್ಚುವ ಮನೆಗಳಲ್ಲಿ ಲೆಕ್ಕ ಬೇರೆ. ಎಣ್ಣೆ ನೊರೆಯನ್ನು ಒಡೆಯುತ್ತದೆ, ಸೌಮ್ಯ ಶಾಂಪೂವಿನ ಶಕ್ತಿಯೆಲ್ಲ ಆ ಎಣ್ಣೆಗೇ ಖರ್ಚಾಗುತ್ತದೆ. ಎರಡು ಸಲ ಸ್ವಲ್ಪ ಸ್ವಲ್ಪ ಹಾಕಿ ತೊಳೆಯುವುದು ಒಂದು ದಾರಿ. ಎಣ್ಣೆ ಹಚ್ಚಿದ ದಿನ ಮಾತ್ರ ಲಾರೆತ್ ಸಲ್ಫೇಟ್ ಮತ್ತು ಬಿಟೈನ್ ಇರುವ ಸಾಧಾರಣ ಶಾಂಪೂ ಬಳಸುವುದು ಇನ್ನೊಂದು, ಅದರಲ್ಲಿ ತಪ್ಪೇನೂ ಇಲ್ಲ. ಎಣ್ಣೆ ಹಚ್ಚದಿದ್ದರೂ ಮರುದಿನವೇ ಜಿಡ್ಡಾಗುವ ನೆತ್ತಿಗೂ ಇದೇ ಸಾಕು.

ತಲೆಹೊಟ್ಟು ಇರುವವರು ಮಾತ್ರ ಸಲ್ಫೇಟಿನ ಹಿಂದೆ ಬಿದ್ದು ಕಾಲ ಕಳೆಯಬಾರದು. ಹೊಟ್ಟಿನ ಹಿಂದಿರುವುದು ನೆತ್ತಿಯ ಜಿಡ್ಡನ್ನೇ ತಿಂದು ಬದುಕುವ ಮಲಸೇಜಿಯಾ ಎಂಬ ಶಿಲೀಂಧ್ರ. ಅದಕ್ಕೆ ಬೇಕಾದ್ದು ಕೀಟೊಕೊನಜೋಲ್, ಜಿಂಕ್ ಪೈರಿಥಿಯೋನ್ ಅಥವಾ ಪೈರೊಕ್ಟೋನ್ ಒಲಮೈನ್. ಹಚ್ಚಿ ಮೂರರಿಂದ ಐದು ನಿಮಿಷ ಬಿಡಬೇಕು. ಸೆಲೆನಿಯಂ ಸಲ್ಫೈಡ್ ಕಂಡು ಬೆಚ್ಚಿ ಬಾಟಲಿ ಕೆಳಗಿಡುವವರಿದ್ದಾರೆ. ಅದು ಹೊಟ್ಟಿನ ಔಷಧ, ಸಲ್ಫೇಟಿಗೂ ಅದಕ್ಕೂ ಸಂಬಂಧವಿಲ್ಲ.

ಇಷ್ಟೆಲ್ಲ ನೋಡಿ ಕೊಂಡರೂ ತುರಿಕೆ ಹೋಗದಿದ್ದರೆ ಅದು ಯಾವಾಗ, ಎಲ್ಲಿ ಬರುತ್ತದೆ ಎಂಬುದನ್ನು ಗಮನಿಸಬೇಕು. ತೊಳೆಯುವಾಗಲೇ ಅಥವಾ ಅಂದೇ ಉರಿದರೆ ಶಾಂಪೂ ಖಾರವಾಗಿದೆ ಎಂದರ್ಥ. ಒಂದೆರಡು ದಿನ ಕಳೆದು, ನೆತ್ತಿಗಿಂತ ಹೆಚ್ಚಾಗಿ ಕಣ್ಣಿನ ರೆಪ್ಪೆ, ಕಿವಿಯ ಹಿಂಭಾಗ, ಕತ್ತಿನ ಪಕ್ಕ ಕೆಂಪಾಗಿ ನವೆಯೆದ್ದರೆ ಅಲರ್ಜಿಯ ಅನುಮಾನ. ನೊರೆ ಇಳಿದುಬರುವ ದಾರಿ ಅದೇ, ಆ ಚರ್ಮವೂ ತೆಳು. ಇಲ್ಲಿ ಕಾರಣ ಸುಗಂಧವಿರಬಹುದು, ಮಿಥೈಲ್‌ಐಸೋಥಿಯಾಜೋಲಿನೋನ್ ಎಂಬ ಸಂರಕ್ಷಕ ಇರಬಹುದು. ಸೌಮ್ಯವೆಂದು ಹೆಸರಾದ ಬಿಟೈನ್ ಮತ್ತು ಗ್ಲುಕೋಸೈಡ್ ಕೂಡ ಕೆಲವರಿಗೆ ಒಗ್ಗುವುದಿಲ್ಲ. ಅಮೆರಿಕದ ಅಲರ್ಜಿ ಚರ್ಮತಜ್ಞರ ಸಂಘ ‘ವರ್ಷದ ಅಲರ್ಜಿಕಾರಕ’ ಎಂದು 2004ರಲ್ಲಿ ಮೊದಲನೆಯದನ್ನೂ 2017ರಲ್ಲಿ ಎರಡನೆಯದನ್ನೂ ಹೆಸರಿಸಿತ್ತು. ಹೀಗಾದಾಗ ಒಂದರ ಮೇಲೊಂದು ಬಾಟಲಿ ಬದಲಿಸುವ ಬದಲು ಚರ್ಮವೈದ್ಯರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿಕೊಳ್ಳಬೇಕು. ಹೋಗುವಾಗ, ಮನೆಯಲ್ಲಿರುವ ಎಲ್ಲ ಶಾಂಪೂ, ಕಂಡಿಷನರ್, ಹೇರ್ ಡೈಗಳ ಹಿಂಬದಿಯ ಫೋಟೊ ಮೊಬೈಲಿನಲ್ಲಿ ಇರಲಿ.