ಸೆಪ್ಟೆಂಬರ್‌ನ ಒತ್ತಕ್ಷರ ಎಲ್ಲಿ ಹೋಯಿತು?

ಆಗುಂಬೆಯ ಒಂದು ವರ್ಷದ ಮಳೆಯನ್ನು ತಿಂಗಳಿಗೊಂದರಂತೆ ಹನ್ನೆರಡು ಕಂಬಗಳಲ್ಲಿ ತೋರಿಸುವ ಚಾರ್ಟ್ ಒಂದಿದೆ ಎಂದಿಟ್ಟುಕೊಳ್ಳೋಣ. ತಯಾರಿಸಿದ್ದು ಹೈಸ್ಕೂಲಿನ ಶಿಕ್ಷಕಿಯೊಬ್ಬರು. ಅದು ಶಾಲೆಯ ವೆಬ್‌ಸೈಟಿಗೂ ಬೇಕು, ವಿಜ್ಞಾನ ಮೇಳದ ಎ1 ಅಳತೆಯ ಪೋಸ್ಟರಿಗೂ ಬೇಕು. ಚಾರ್ಟನ್ನು ಉಳಿಸಲು ಹೊರಟಾಗ ಕಂಪ್ಯೂಟರ್ ಕೇಳುತ್ತದೆ: ಎಸ್‌ವಿಜಿಯೋ, ಪಿಎನ್‌ಜಿಯೋ?

ಪಿಎನ್‌ಜಿ ಎಂದರೆ ಬಣ್ಣದ ಚುಕ್ಕಿಗಳ ಚಿತ್ರ. ಎಷ್ಟು ಚುಕ್ಕಿ ಎಂಬುದು ಉಳಿಸುವ ಹೊತ್ತಿಗೇ ತೀರ್ಮಾನವಾಗಿಬಿಡುತ್ತದೆ. ಎಸ್‌ವಿಜಿಯಲ್ಲಿ ಚುಕ್ಕಿಗಳಿಲ್ಲ, ಸೂಚನೆಗಳಿವೆ: ಇಲ್ಲಿಂದ ಇಷ್ಟೆತ್ತರದ ನೀಲಿ ಕಂಬ ಎಳೆ, ಅದರ ಕೆಳಗೆ ‘ಜೂನ್’ ಎಂದು ಬರೆ. ಚಿತ್ರವನ್ನು ಎಷ್ಟು ದೊಡ್ಡದು ಮಾಡಿದರೂ ಆ ಸೂಚನೆಗಳಿಂದಲೇ ಹೊಸದಾಗಿ ಬಿಡಿಸುವುದರಿಂದ ಅಂಚುಗಳು ಮಸುಕಾಗುವುದಿಲ್ಲ.

ಪೋಸ್ಟರಿನ ಲೆಕ್ಕದಿಂದಲೇ ಶುರುಮಾಡೋಣ. ಎ1 ಹಾಳೆಯ ಅಗಲ 594 ಮಿಲಿಮೀಟರ್. ಅದರಲ್ಲಿ ಚಾರ್ಟ್ 20 ಅಂಗುಲ ಅಗಲವನ್ನು ತುಂಬಬೇಕು. ಪರದೆಗೆಂದು ಉಳಿಸಿದ 640 ಚುಕ್ಕಿ ಅಗಲದ ಪಿಎನ್‌ಜಿಯನ್ನು ಅಲ್ಲಿಗೆ ಹಿಗ್ಗಿಸಿದರೆ ಅಂಗುಲಕ್ಕೆ ಸಿಗುವುದು ಬರೀ 32 ಚುಕ್ಕಿ. ಒಂದೊಂದು ಚುಕ್ಕಿಯೂ ಸುಮಾರು 0.8 ಮಿಲಿಮೀಟರ್ ಆಗಿ, ಅಕ್ಷರಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿಯೋ ಮಬ್ಬಾಗಿಯೋ ಕಾಣುತ್ತದೆ. ಹತ್ತಿರ ನಿಂತು ಓದುವ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕಿ ಇರಬೇಕೆಂಬುದು ರೂಢಿ. ಅಂದರೆ ಈ ಚಾರ್ಟಿಗೆ 6,000 ಚುಕ್ಕಿ ಅಗಲ ಬೇಕು. ನಾಲ್ಕು ಹೆಜ್ಜೆ ದೂರದಿಂದ ನೋಡುವ ಪೋಸ್ಟರಾದರೆ ಅದರರ್ಧವೂ ಸಾಕಾಗುತ್ತದೆ.

ಹಲವರು ಎಡವುವುದು ಇಲ್ಲೇ. ಹಳೆಯ ಪಿಎನ್‌ಜಿಯನ್ನೇ ತೆರೆದು, ಡಿಪಿಐ ಜಾಗದಲ್ಲಿ 300 ಎಂದು ತುಂಬಿ ಉಳಿಸುತ್ತಾರೆ. ಅದರಿಂದ ಬದಲಾಗುವುದು ಫೈಲಿನ ಮೇಲಿನ ಚೀಟಿ ಮಾತ್ರ, ಇಲ್ಲದ ವಿವರ ಹುಟ್ಟುವುದಿಲ್ಲ. ಚಾರ್ಟ್ ತಯಾರಿಸಿದ ತಂತ್ರಾಂಶಕ್ಕೇ ಮರಳಿ, ಬೇಕಾದ ಅಳತೆಯಲ್ಲಿ ಮತ್ತೆ ಉಳಿಸಬೇಕು.

ಹಾಗಾದರೆ ಪೋಸ್ಟರಿಗೆ ಎಸ್‌ವಿಜಿಯೇ ಸರಿ ಎನಿಸುತ್ತದೆ. ಸರಿಯೇ, ಆದರೆ ಅಕ್ಷರಗಳ ಕಡೆ ಒಂದು ಕಣ್ಣಿರಬೇಕು. ಎಷ್ಟೋ ಎಸ್‌ವಿಜಿಗಳಲ್ಲಿ ‘ಸೆಪ್ಟೆಂಬರ್’ ಎಂಬುದು ಆಕಾರವಾಗಿ ಕೂತಿರುವುದಿಲ್ಲ. ಪಠ್ಯವಾಗಿಯೇ ಇದ್ದು, ಜೊತೆಗೊಂದು ಫಾಂಟಿನ ಹೆಸರಷ್ಟೇ ಇರುತ್ತದೆ. ಮುದ್ರಕರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ. ಅಲ್ಲಿನ ತಂತ್ರಾಂಶ ಹಳೆಯದಾಗಿದ್ದು ಯೂನಿಕೋಡ್ ಕನ್ನಡವನ್ನು ಜೋಡಿಸಲು ಬಾರದಿದ್ದರೆ ಒತ್ತಕ್ಷರ ಕಳಚಿಕೊಂಡು ‘ಸೆಪ್‌ಟೆಂಬರ್’, ‘ಅಕ್‌ಟೋಬರ್’ ಎಂದಾಗುತ್ತದೆ, ಇಲ್ಲವೇ ಬರೀ ಚೌಕಗಳು ಮೂಡುತ್ತವೆ.

ಪತ್ತೆಹಚ್ಚುವುದು ಸುಲಭ. ಎಸ್‌ವಿಜಿಯನ್ನು ಬ್ರೌಸರಿನಲ್ಲಿ ನೇರವಾಗಿ ತೆರೆದು ತಿಂಗಳ ಹೆಸರಿನ ಮೇಲೆ ಮೌಸ್ ಎಳೆದು ನೋಡಬೇಕು. ಅಕ್ಷರಗಳು ಆಯ್ಕೆಯಾದರೆ ಅವು ಇನ್ನೂ ಪಠ್ಯ. ಆಗ ಅವುಗಳನ್ನು ಗೆರೆಗಳ ಆಕಾರಕ್ಕೆ ತಿರುಗಿಸಬೇಕು. ಮುದ್ರಣಾಲಯದವರ ಮಾತಿನಲ್ಲಿ, ಕರ್ವ್ ಮಾಡಬೇಕು. ಫಾಂಟ್ ಇರುವ ಕಂಪ್ಯೂಟರಿನಲ್ಲೇ, ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನ ಈ ಒಂದು ಸಾಲು ಅದನ್ನು ಮಾಡಿ ಪಿಡಿಎಫ್ ಕೊಡುತ್ತದೆ:

```
inkscape male.svg --export-text-to-path --export-filename=male.pdf
```

ಪಿಡಿಎಫ್‌ನಲ್ಲೂ ಗೆರೆಗಳು ಗೆರೆಗಳಾಗಿಯೇ ಉಳಿಯುತ್ತವೆ, ಮುದ್ರಕರಿಗೂ ಅದು ಪರಿಚಿತ. ಆದರೆ ಕರ್ವ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ. ಆದ್ದರಿಂದ ಮೂಲ ಎಸ್‌ವಿಜಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು.

ವೆಬ್‌ಸೈಟಿನಲ್ಲಿಯೂ ಈ ಹನ್ನೆರಡು ಕಂಬಗಳಿಗೆ ಎಸ್‌ವಿಜಿಯೇ ಹೊಂದುತ್ತದೆ. ಫೈಲು ಚಿಕ್ಕದು, ಮೊಬೈಲಿನಲ್ಲಿ ಬೆರಳಿಂದ ಹಿಗ್ಗಿಸಿದರೂ ಸ್ಪಷ್ಟ. ಅಕ್ಷರದ ತೊಡಕು ಮಾತ್ರ ಇಲ್ಲಿಗೂ ಹಿಂಬಾಲಿಸುತ್ತದೆ. ಪುಟದಲ್ಲಿ `<img>` ಮೂಲಕ ಸೇರಿಸಿದ ಎಸ್‌ವಿಜಿ ಹೊರಗಿನ ಫಾಂಟನ್ನು ತರಿಸಿಕೊಳ್ಳಲಾರದು. ಪುಟದ ಉಳಿದ ಬರಹ ಅಂದದ ಫಾಂಟಿನಲ್ಲಿದ್ದರೂ ಚಾರ್ಟಿನೊಳಗೆ ಓದುಗರ ಫೋನಿನದೇ ಕನ್ನಡ ಫಾಂಟ್ ಬರುತ್ತದೆ. ಅದು ಅಗಲವಾಗಿದ್ದರೆ ಪಕ್ಕಪಕ್ಕದ ತಿಂಗಳುಗಳು ಒಂದರ ಮೇಲೊಂದು ಹತ್ತುತ್ತವೆ. ಇಲ್ಲಿಯೂ ಕರ್ವ್ ಮಾಡಬಹುದು. ಆದರೆ ಕರ್ವ್ ಮಾಡಿದರೂ ಮಾಡದಿದ್ದರೂ, ಹೀಗೆ ಸೇರಿಸಿದ ಚಾರ್ಟಿನೊಳಗಿನ ಪಠ್ಯ ಅಂಧ ಓದುಗರಿಗೆ ಓದಿ ಹೇಳಲು ಸಿಗುವುದಿಲ್ಲ. ಆ ಮಾಹಿತಿಯನ್ನು `alt` ನಲ್ಲಿ ವಾಕ್ಯವಾಗಿ ಬರೆಯಬೇಕಾಗುತ್ತದೆ.

ಪಿಎನ್‌ಜಿ ಗೆಲ್ಲುವುದು ಚಾರ್ಟ್ ಕಿಕ್ಕಿರಿದಾಗ. ಕಂಬಗಳ ಬದಲು 50,000 ಅಳತೆಗಳನ್ನು ಒಂದೊಂದು ಬಿಂದುವಾಗಿ ಇಟ್ಟರೆ ಎಸ್‌ವಿಜಿ ಪ್ರತಿ ಬಿಂದುವಿಗೂ ಒಂದು ಸೂಚನೆ ಬರೆಯುತ್ತದೆ. ಸೂಚನೆಗೆ 80 ಅಕ್ಷರ ಎಂದುಕೊಂಡರೂ ಫೈಲು 4 ಎಂಬಿ ತಲುಪಿ, ಸಾಧಾರಣ ಫೋನ್ ಅದನ್ನು ಬಿಡಿಸಲು ತಡವರಿಸುತ್ತದೆ. ಪಿಎನ್‌ಜಿಗೆ ಬಿಂದು ಎಷ್ಟಿದ್ದರೂ ಚುಕ್ಕಿಗಳ ಸಂಖ್ಯೆ ಅಷ್ಟೇ. ಪುಟದಲ್ಲಿ ಕಾಣುವ ಅಗಲದ ಎರಡರಷ್ಟು ಚುಕ್ಕಿಗಳಲ್ಲಿ ಉಳಿಸಿದರೆ ಇಂದಿನ ಫೋನುಗಳಲ್ಲೂ ಚೆನ್ನಾಗಿ ಕಾಣುತ್ತದೆ.

ಶಿಕ್ಷಕಿಯ ಫೈಲಿಗೆ ಕೊನೆಯ ಪರೀಕ್ಷೆ ಕಾಗದದ ಮೇಲೆ. ಪಿಡಿಎಫ್ ಅನ್ನು ಮುದ್ರಕರಿಗೆ ಕೊಟ್ಟು, ‘ಸೆಪ್ಟೆಂಬರ್’ ಇರುವ ಮೂಲೆಯನ್ನು ಪೋಸ್ಟರಿನ ನಿಜವಾದ ಅಳತೆಯಲ್ಲಿ ಒಂದು ಎ4 ಹಾಳೆಗೆ ತೆಗೆಸಬೇಕು. ‘ಪ’ದ ಕೆಳಗೆ ‘ಟ’ದ ಒತ್ತು ಸರಿಯಾಗಿ ಕೂತಿದೆಯೇ, ಪರದೆಯಲ್ಲಿ ಹೊಳೆಯುತ್ತಿದ್ದ ನೀಲಿ ಶಾಯಿಯಲ್ಲಿ ಮಂಕಾಗಿದೆಯೇ ಎಂಬ ಎರಡೂ ಆ ಹಾಳೆಯಲ್ಲೇ ತಿಳಿಯುತ್ತವೆ.