ಎರಡು ಅಕ್ಷರ ತಪ್ಪಿ ವಾಪಸ್ ಬಂದ ಹಣ

ಮೈಸೂರಿನ ಒಬ್ಬ ತಾಯಿ ಡಬ್ಲಿನ್‌ನಲ್ಲಿ ಓದುತ್ತಿರುವ ಮಗನ ಮನೆ ಬಾಡಿಗೆಯನ್ನು ಅಲ್ಲಿನ ಮನೆಯೊಡೆಯರ ಖಾತೆಗೆ ಕಳಿಸಿದರು ಎಂದುಕೊಳ್ಳೋಣ. ಕೆಲವು ದಿನಗಳಲ್ಲಿ ಹಣ ವಾಪಸ್ ಬಂತು, ಅದೂ ಕಳಿಸಿದ್ದಕ್ಕಿಂತ ಕಡಿಮೆಯಾಗಿ. ಕಾರಣದ ಜಾಗದಲ್ಲಿ ಇದ್ದದ್ದು ‘ಖಾತೆ ಸಂಖ್ಯೆ ಸರಿಯಿಲ್ಲ’ ಎಂಬ ಒಂದೇ ಸಾಲು. ಆದರೆ ಅಂಕಿಗಳೆಲ್ಲ ಸರಿಯಾಗಿಯೇ ಇದ್ದವು. ಹಿಂದೆ ಲಂಡನ್ನಿಗೆ ಹಣ ಕಳಿಸಿದ್ದ ಅರ್ಜಿಯನ್ನು ನೋಡಿಕೊಂಡು ಬರೆಯುವಾಗ, ಐರ್ಲೆಂಡಿನ IE ಇರಬೇಕಾದ ಕಡೆ ಬ್ರಿಟನ್ನಿನ GB ಉಳಿದುಬಿಟ್ಟಿತ್ತು.

ನಮ್ಮಲ್ಲಿ ಖಾತೆ ಸಂಖ್ಯೆಗೆ ದೇಶದ ಗುರುತು ಇರುವುದಿಲ್ಲ. ಶಾಖೆಯನ್ನು ಗುರುತಿಸಲು ಐಎಫ್‌ಎಸ್‌ಸಿ ಬೇರೆಯೇ ಇದೆ. ಯುರೋಪಿನಲ್ಲಿ ಬಳಸುವುದು ಐಬ್ಯಾನ್. ಅದರಲ್ಲಿ ಮೊದಲು ದೇಶದ ಎರಡು ಅಕ್ಷರ, ನಂತರ ಎರಡು ತಾಳೆ ಅಂಕಿ, ಆಮೇಲೆ ಬ್ಯಾಂಕು ಮತ್ತು ಖಾತೆಯ ವಿವರ. ಆರಂಭದ ಆ ಎರಡು ಅಕ್ಷರವೂ ಖಾತೆ ಸಂಖ್ಯೆಯದೇ ಭಾಗ.

ಜರ್ಮನಿಯ ಐಬ್ಯಾನ್ 22 ಅಕ್ಷರ, ಆಸ್ಟ್ರಿಯಾದ್ದು 20. ಹಾಗಾಗಿ ಅವೆರಡು ಅದಲುಬದಲಾದರೆ ಉದ್ದದಲ್ಲೇ ಗೊತ್ತಾಗುತ್ತದೆ. ಐರ್ಲೆಂಡ್ ಮತ್ತು ಬ್ರಿಟನ್ನಿನ ವಿಷಯ ಹಾಗಲ್ಲ. ಎರಡೂ 22 ಅಕ್ಷರ, ಎರಡರಲ್ಲೂ ಬ್ಯಾಂಕಿಗೆ ನಾಲ್ಕು ಅಕ್ಷರ, ಶಾಖೆಗೆ ಆರು ಅಂಕಿ, ಖಾತೆಗೆ ಎಂಟು ಅಂಕಿ. ಕಣ್ಣಿಗೆ ತಪ್ಪು ಕಾಣುವುದೇ ಇಲ್ಲ.

ಲೆಕ್ಕಕ್ಕೆ ಮಾತ್ರ ಕಾಣುತ್ತದೆ. ಐರ್ಲೆಂಡಿನ ಮಾದರಿ ಸಂಖ್ಯೆಯೊಂದನ್ನು ತೆಗೆದುಕೊಳ್ಳಿ: IE29 AIBK 9311 5212 3456 78. ಮೊದಲ ನಾಲ್ಕನ್ನು ತೆಗೆದು ಕೊನೆಗೆ ಹಾಕಬೇಕು. A ಎಂದರೆ 10, B ಎಂದರೆ 11, ಹೀಗೆ Z ಎಂದರೆ 35 ಎಂದು ಅಕ್ಷರಗಳನ್ನು ಅಂಕಿ ಮಾಡಬೇಕು. ಬಂದ ಉದ್ದನೆಯ ಸಂಖ್ಯೆಯನ್ನು 97ರಿಂದ ಭಾಗಿಸಿದರೆ 1 ಶೇಷ ಉಳಿಯಬೇಕು. ಇಲ್ಲಿ 1 ಉಳಿಯುತ್ತದೆ. IE ತೆಗೆದು GB ಹಾಕಿ ನೋಡಿದರೆ ಉಳಿಯುವುದು 71. ಅಂದರೆ ಆ 29 ಎಂಬ ತಾಳೆ ಅಂಕಿ ಹುಟ್ಟಿದ್ದು IE ಜೊತೆಗೆ, GB ಜೊತೆಗಲ್ಲ. ಕಳಿಸುವ ಕಡೆಯಲ್ಲಿ ಈ ತಾಳೆ ನೋಡದೆ ಹೋದರೆ ಹಣ ಮಧ್ಯವರ್ತಿ ಬ್ಯಾಂಕಿನ ತನಕವೋ, ಪಡೆಯುವ ಬ್ಯಾಂಕಿನ ತನಕವೋ ಹೋಗಿ ಹಿಂತಿರುಗುತ್ತದೆ.

ಬ್ಯಾಂಕಿಗೆ ಬರೆಯುವ ಪತ್ರಕ್ಕೆ ಬಲ ಬರುವುದು ಇಲ್ಲಿಂದ. ‘ದಯವಿಟ್ಟು ಸರಿಪಡಿಸಿ’ ಎಂದಷ್ಟೇ ಬರೆದರೆ ಕೆಲಸ ಆಗುವುದಿಲ್ಲ, ಏಕೆಂದರೆ ವಾಪಸ್ ಬಂದ ವ್ಯವಹಾರವನ್ನು ಯಾರೂ ತಿದ್ದಲಾರರು. ಪತ್ರ ಹೀಗಿದ್ದರೆ ಸಾಕು:

‘ಮಾನ್ಯರೇ, ಈ ದಿನಾಂಕದಂದು, ಈ ವ್ಯವಹಾರ ಸಂಖ್ಯೆಯಡಿ ನನ್ನ ಖಾತೆಯಿಂದ ಐರ್ಲೆಂಡಿಗೆ ಕಳಿಸಿದ ಯುರೋ ಮೊತ್ತ ವಾಪಸ್ ಬಂದಿದೆ. ಅರ್ಜಿಯಲ್ಲಿ ಐಬ್ಯಾನ್ GB ಎಂದು ಆರಂಭವಾಗಿದೆ, ಅದು IE ಆಗಬೇಕಿತ್ತು. ಉಳಿದ 20 ಅಕ್ಷರ, ಅಂಕಿಗಳಲ್ಲಿ ಬದಲಾವಣೆ ಇಲ್ಲ. ಅದೇ ಅರ್ಜಿಯಲ್ಲಿ ಕೊಟ್ಟಿರುವ ಸ್ವಿಫ್ಟ್ ಕೋಡಿನ ಐದು ಮತ್ತು ಆರನೆಯ ಅಕ್ಷರ IE ಎಂದೇ ಇದೆ. ಹಣ ಪಡೆಯುವವರು ಕಳಿಸಿದ ಖಾತೆ ವಿವರದ ಪ್ರತಿಯನ್ನು ಲಗತ್ತಿಸಿದ್ದೇನೆ. ವಾಪಸಾದ ಮೊತ್ತ, ಅದಕ್ಕೆ ಹಾಕಿದ ವಿನಿಮಯ ದರ, ಕಡಿತವಾದ ಶುಲ್ಕ ಯಾರದು ಎಷ್ಟು ಎಂಬುದನ್ನು ಬರಹದಲ್ಲಿ ತಿಳಿಸಿ. ಹೊಸ ಅರ್ಜಿಯಂತೆ ಮತ್ತೆ ಕಳಿಸಿಕೊಡಿ.’

ಸ್ವಿಫ್ಟ್ ಕೋಡಿನ ಮಾತು ಸುಮ್ಮನೆ ಸೇರಿಸಿದ್ದಲ್ಲ. ಬ್ಯಾಂಕಿನ ಆ ಕೋಡಿನಲ್ಲೂ ದೇಶದ ಎರಡು ಅಕ್ಷರ ಇರುತ್ತದೆ. AIBKIE2D ಎಂಬಲ್ಲಿ ಅದು ನಡುವೆ ಕೂತಿದೆ. ಸಾಮಾನ್ಯವಾಗಿ ಅದೂ ಐಬ್ಯಾನಿನ ಆರಂಭವೂ ಒಂದೇ ಆಗಿರುತ್ತವೆ. ಒಂದೇ ಅರ್ಜಿಯಲ್ಲಿ ಎರಡು ದೇಶ ಕಂಡರೆ, ತಪ್ಪಿಗೆ ಸಾಕ್ಷಿ ಆ ಕಾಗದದಲ್ಲೇ ಇದೆ ಎಂದಾಯಿತು. ಕೌಂಟರಿನ ಸಿಬ್ಬಂದಿಗೆ ಇದನ್ನು ಬೆರಳಿಟ್ಟು ತೋರಿಸಬಹುದು.

ಶುಲ್ಕದ ಲೆಕ್ಕ ಕೇಳುವುದಕ್ಕೂ ಕಾರಣವಿದೆ. ಕಳಿಸುವಾಗ ಬ್ಯಾಂಕು ಯುರೋವನ್ನು ಮಾರಾಟ ದರದಲ್ಲಿ ಕೊಡುತ್ತದೆ, ವಾಪಸ್ ಬಂದಾಗ ಅದಕ್ಕಿಂತ ಕಡಿಮೆ ಇರುವ ಖರೀದಿ ದರದಲ್ಲಿ ರೂಪಾಯಿ ಮಾಡುತ್ತದೆ. ಮಧ್ಯವರ್ತಿ ಬ್ಯಾಂಕು ತನ್ನ ಶುಲ್ಕ ಹಿಡಿದುಕೊಳ್ಳುವುದು ಬೇರೆ. ತಪ್ಪು ಗ್ರಾಹಕರ ಅರ್ಜಿಯಲ್ಲೇ ಇದ್ದರೆ ಈ ನಷ್ಟ ಸಾಮಾನ್ಯವಾಗಿ ಅವರದೇ. ಅರ್ಜಿಯಲ್ಲಿ IE ಇದ್ದು ಬ್ಯಾಂಕಿನವರು ಟೈಪ್ ಮಾಡುವಾಗ GB ಆಗಿದ್ದರೆ ಮಾತೇ ಬೇರೆ. ಅದಕ್ಕೇ ಸಹಿ ಮಾಡಿದ ಅರ್ಜಿಯ ಪ್ರತಿ ಕೈಯಲ್ಲಿರಬೇಕು.

ಒಂದು ಕೆಲಸ ಮಾತ್ರ ಬೇಡ. ಅಕ್ಷರ ಬದಲಿಸಿದರೂ ಶೇಷ 1 ಬರದಿದ್ದರೆ, ತಾಳೆ ಅಂಕಿಯನ್ನು ನೀವೇ ಲೆಕ್ಕ ಹಾಕಿ ಹೊಂದಿಸಬೇಡಿ. ಹಾಗೆ ಮಾಡಿದ ಸಂಖ್ಯೆ ಲೆಕ್ಕಕ್ಕೆ ಸರಿಹೋದರೂ ಖಾತೆ ಯಾರದೋ ಆಗಿರಬಹುದು. ಈ ತಾಳೆ ಬರೆದದ್ದರಲ್ಲಿ ತಪ್ಪಿದೆಯೇ ಎಂದಷ್ಟೇ ಹೇಳುತ್ತದೆ, ಖಾತೆದಾರರ ಹೆಸರನ್ನು ನೋಡುವುದಿಲ್ಲ. ಪೂರ್ತಿ ಐಬ್ಯಾನನ್ನು ಹಣ ಪಡೆಯುವವರಿಂದಲೇ ಮತ್ತೊಮ್ಮೆ ಬರಹದಲ್ಲಿ ತರಿಸಿಕೊಂಡು, ಆಮೇಲೆ ಅರ್ಜಿಗೆ ಸಹಿ ಹಾಕಿ.