‘ಎಂಬುದು’, ‘ಎಂಬುದನ್ನು’: ಇಂಗ್ಲಿಷ್ ನಾಮ ಉಪವಾಕ್ಯದ ಪಾಠಕ್ಕೆ ಒಂದು ದಾರಿ

ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷಿನ ನಾಮ ಉಪವಾಕ್ಯವನ್ನು ಪಾಠ ಮಾಡುವಾಗ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ವ್ಯಾಖ್ಯೆಯಿಂದ ಆರಂಭಿಸುತ್ತಾರೆ: ನಾಮಪದದ ಕೆಲಸ ಮಾಡುವ ಉಪವಾಕ್ಯವೇ ನಾಮ ಉಪವಾಕ್ಯ. ವ್ಯಾಖ್ಯೆ ಸರಿಯೇ. ಆದರೆ ಕೊಟ್ಟ ವಾಕ್ಯದಲ್ಲಿ ಆ ಉಪವಾಕ್ಯ ಕರ್ತೃವೋ ಕರ್ಮವೋ ಎಂದು ಕೇಳಿದರೆ ಮಕ್ಕಳು ಊಹಿಸಿ ಉತ್ತರಿಸುತ್ತಾರೆ. ಊಹೆಯ ಅಗತ್ಯವಿಲ್ಲ. ಗುರುತು ಹಿಡಿಯುವ ಸಾಧನ ಅವರ ಕನ್ನಡದಲ್ಲಿಯೇ ಇದೆ.

ಕನ್ನಡದಲ್ಲಿ ಒಂದು ಪೂರ್ಣ ವಾಕ್ಯವನ್ನು ನಾಮಪದದಂತೆ ಬಳಸಬೇಕಾದಾಗ ಅದರ ಕೊನೆಗೆ ‘ಎಂಬುದು’ ಸೇರಿಸುತ್ತೇವೆ. ಅದಕ್ಕೆ ವಿಭಕ್ತಿಯೂ ಹತ್ತುತ್ತದೆ. ‘ಬಸ್ಸು ಬರುತ್ತದೆ ಎಂಬುದು ನಿಜ’ ಎಂಬಲ್ಲಿ ಅದು ಪ್ರಥಮಾ ವಿಭಕ್ತಿಯಲ್ಲಿದೆ, ಆದ್ದರಿಂದ ಉಪವಾಕ್ಯ ಕರ್ತೃ. ‘ಬಸ್ಸು ಬರುತ್ತದೆ ಎಂಬುದನ್ನು ರಾಮು ಬಲ್ಲ’ ಎಂಬಲ್ಲಿ ದ್ವಿತೀಯಾ ವಿಭಕ್ತಿ ಬಂದಿದೆ, ಉಪವಾಕ್ಯ ಕರ್ಮ. ಇಂಗ್ಲಿಷಿನಲ್ಲಿ ಮೊದಲನೆಯದು ‘ದಟ್ ದ ಬಸ್ ವಿಲ್ ಕಮ್ ಈಸ್ ಟ್ರೂ’, ಎರಡನೆಯದು ‘ರಾಮು ನೋಸ್ ದಟ್ ದ ಬಸ್ ವಿಲ್ ಕಮ್’. ಅಲ್ಲಿ ವಿಭಕ್ತಿ ಇಲ್ಲ, ಸ್ಥಾನವೇ ಗುರುತು: ಕ್ರಿಯಾಪದಕ್ಕಿಂತ ಮೊದಲು ಬಂದರೆ ಕರ್ತೃ, ನಂತರ ಬಂದರೆ ಕರ್ಮ. ‘ಬಸ್ಸು ಬರುತ್ತದೆ ಎಂದು ಹೇಳಿದ’ ಎಂಬಂಥ ವಾಕ್ಯದಲ್ಲಿರುವ ‘ಎಂದು’ ವಿಭಕ್ತಿ ಹೊರುವುದಿಲ್ಲ. ಪರೀಕ್ಷಿಸುವಾಗ ಅದರ ಜಾಗದಲ್ಲಿ ‘ಎಂಬುದನ್ನು’ ಇಟ್ಟು ನೋಡಿದರೆ ಸಾಕು.

ಈ ಪರೀಕ್ಷೆಗೆ ಒಂದು ಮಿತಿ ಇದೆ, ಅದನ್ನು ಪಾಠಕ್ಕೆ ಮೊದಲೇ ತಿಳಿದಿರಬೇಕು. ‘ಬಸ್ಸು ಯಾವಾಗ ಬರುತ್ತದೆ ಎಂಬುದು ನನಗೆ ಗೊತ್ತಿಲ್ಲ’ ಎನ್ನುವಾಗ ಕನ್ನಡದಲ್ಲಿ ಉಪವಾಕ್ಯ ಪ್ರಥಮಾ ವಿಭಕ್ತಿಯಲ್ಲಿದೆ, ‘ನಾನು’ ಎಂಬುದು ‘ನನಗೆ’ ಎಂದು ಚತುರ್ಥಿಗೆ ಹೋಗಿದೆ. ಇಂಗ್ಲಿಷಿನಲ್ಲಿ ಹಾಗಲ್ಲ. ‘ಐ ಡೋಂಟ್ ನೋ ವೆನ್ ದ ಬಸ್ ವಿಲ್ ಕಮ್’ ಎಂಬಲ್ಲಿ ‘ಐ’ ಕರ್ತೃ, ಉಪವಾಕ್ಯ ಕರ್ಮ. ಗೊತ್ತು, ಬೇಕು, ಇಷ್ಟ, ನೆನಪಿದೆ ಎಂಬ ಮಾತುಗಳು ಬಂದಲ್ಲೆಲ್ಲ ಈ ಅಪಾಯವಿದೆ. ಅಂಥ ಕಡೆ ಇಡೀ ಉಪವಾಕ್ಯವನ್ನು ತೆಗೆದು ‘ಇಟ್’ ಹಾಕಿಸಿ. ‘ಐ ಡೋಂಟ್ ನೋ ಇಟ್’ ಎಂದಾಗ ‘ಇಟ್’ ಕ್ರಿಯಾಪದದ ನಂತರ ನಿಂತಿತು, ಆದ್ದರಿಂದ ಅದು ಕರ್ಮ. ‘ವೆನ್ ದ ಬಸ್ ವಿಲ್ ಕಮ್ ಈಸ್ ನಾಟ್ ಕ್ಲಿಯರ್’ ಎಂಬುದು ‘ಇಟ್ ಈಸ್ ನಾಟ್ ಕ್ಲಿಯರ್’ ಆಗುತ್ತದೆ, ಆದ್ದರಿಂದ ಅದು ಕರ್ತೃ.

ಇನ್ನು ಉಪವಾಕ್ಯದ ಆರಂಭದ ಪದ. ಒಂದೇ ಬಸ್ಸನ್ನು ಇಟ್ಟುಕೊಂಡು ಕಪ್ಪುಹಲಗೆಯ ಎಡಕ್ಕೆ ಮೂರು ಸ್ವತಂತ್ರ ವಾಕ್ಯಗಳನ್ನು ಬರೆಯಿರಿ: ‘ದ ಬಸ್ ವಿಲ್ ಕಮ್’, ‘ವಿಲ್ ದ ಬಸ್ ಕಮ್?’, ‘ವೆನ್ ವಿಲ್ ದ ಬಸ್ ಕಮ್?’. ಮೊದಲನೆಯದು ಹೇಳಿಕೆ, ಎರಡನೆಯದು ಹೌದು ಅಥವಾ ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆ, ಮೂರನೆಯದು ಪ್ರಶ್ನಾರ್ಥಕ ಪದವುಳ್ಳ ಪ್ರಶ್ನೆ. ಇವು ಉಪವಾಕ್ಯಗಳಾಗುವಾಗ ಹೇಳಿಕೆ ‘ದಟ್’ ಪಡೆಯುತ್ತದೆ, ಹೌದು-ಅಲ್ಲ ಪ್ರಶ್ನೆ ‘ವೆದರ್’ ಪಡೆಯುತ್ತದೆ, ಮೂರನೆಯದು ತನ್ನಲ್ಲೇ ಇರುವ ‘ವೆನ್’ ಅನ್ನು ಉಳಿಸಿಕೊಳ್ಳುತ್ತದೆ. ಹಲಗೆಯ ಬಲಕ್ಕೆ ಬರುವ ಉತ್ತರಗಳು ಇವು: ‘ರಾಮು ನೋಸ್ ದಟ್ ದ ಬಸ್ ವಿಲ್ ಕಮ್’, ‘ರಾಮು ಆಸ್ಕ್ಸ್ ವೆದರ್ ದ ಬಸ್ ವಿಲ್ ಕಮ್’, ‘ರಾಮು ಆಸ್ಕ್ಸ್ ವೆನ್ ದ ಬಸ್ ವಿಲ್ ಕಮ್’. ಮೊದಲ ಪಾಠದಲ್ಲಿ ಮುಖ್ಯ ಕ್ರಿಯಾಪದ ವರ್ತಮಾನ ಕಾಲದಲ್ಲಿಯೇ ಇರಲಿ. ‘ಆಸ್ಕ್ಡ್’ ಎಂದು ಬರೆದರೆ ‘ವಿಲ್’ ಹೋಗಿ ‘ವುಡ್’ ಬರುತ್ತದೆ, ಕಾಲದ ಬದಲಾವಣೆ ಮಕ್ಕಳ ಗಮನವನ್ನು ಬೇರೆಡೆಗೆ ಎಳೆಯುತ್ತದೆ.

ಇಲ್ಲಿ ಮಕ್ಕಳ ಪುಸ್ತಕಗಳಲ್ಲಿ ಎರಡು ತಪ್ಪುಗಳು ಕಾಣುತ್ತವೆ. ಎರಡಕ್ಕೂ ಕಾರಣ ಒಂದೇ ಅಲ್ಲ, ಆದ್ದರಿಂದ ಪರಿಹಾರವೂ ಒಂದೇ ಅಲ್ಲ.

ಮೊದಲನೆಯದು ‘ಐ ಡೋಂಟ್ ನೋ ದಟ್ ವೆನ್ ದ ಬಸ್ ವಿಲ್ ಕಮ್’. ಇದರ ಮೂಲ ಕನ್ನಡದಲ್ಲಿದೆ. ನಮ್ಮಲ್ಲಿ ‘ಬರುತ್ತದೆ ಎಂಬುದು’, ‘ಬರುತ್ತದೆಯೋ ಇಲ್ಲವೋ ಎಂಬುದು’, ‘ಯಾವಾಗ ಬರುತ್ತದೆ ಎಂಬುದು’ ಎಂದು ಮೂರಕ್ಕೂ ‘ಎಂಬುದು’ ಬರುತ್ತದೆ. ‘ಎಂಬುದು’ ಎಂದರೆ ‘ದಟ್’ ಎಂದು ಕಲಿತ ಮಗು ‘ಯಾವಾಗ’ಕ್ಕೆ ‘ವೆನ್’ ಹಾಕಿ, ‘ಎಂಬುದು’ವಿಗೆ ‘ದಟ್’ ಕೂಡ ಹಾಕುತ್ತದೆ. ಇದಕ್ಕೆ ಹೇಳಿಕೊಡಬೇಕಾದ ಮಾತು ಒಂದೇ: ಇಂಗ್ಲಿಷಿನಲ್ಲಿ ಬಾಗಿಲಿಗೆ ಒಬ್ಬನೇ ಕಾವಲುಗಾರ. ‘ವೆನ್’ ಅಥವಾ ‘ವೆದರ್’ ನಿಂತಿದ್ದರೆ ‘ದಟ್’ಗೆ ಅಲ್ಲಿ ಜಾಗವಿಲ್ಲ.

ಎರಡನೆಯದು ‘ಐ ಡೋಂಟ್ ನೋ ವೆನ್ ವಿಲ್ ದ ಬಸ್ ಕಮ್’. ಕನ್ನಡದಲ್ಲಿ ಹೇಳಿಕೆ ಪ್ರಶ್ನೆಯಾದಾಗ ಪದಗಳ ಕ್ರಮ ಬದಲಾಗಲೇಬೇಕೆಂದಿಲ್ಲ. ಆದ್ದರಿಂದ ಈ ತಪ್ಪು ಕನ್ನಡದಿಂದ ಬಂದುದಲ್ಲ. ಹಿಂದಿನ ತರಗತಿಗಳಲ್ಲಿ ಇಂಗ್ಲಿಷ್ ಪ್ರಶ್ನೆಯ ಕ್ರಮವನ್ನು ಕಷ್ಟಪಟ್ಟು ಕಲಿತ ಮಗು ಅದನ್ನು ಉಪವಾಕ್ಯದೊಳಗೂ ಒಯ್ಯುತ್ತದೆ. ಇಲ್ಲಿ ಹೇಳಬೇಕಾದುದು, ಉಪವಾಕ್ಯದೊಳಗೆ ಹೇಳಿಕೆಯ ಕ್ರಮವೇ ಇರುತ್ತದೆ: ಮೊದಲು ‘ದ ಬಸ್’, ಆಮೇಲೆ ‘ವಿಲ್’. ‘ವೇರ್ ಡಸ್ ಸೀತಾ ಲಿವ್?’ ಎಂಬ ಪ್ರಶ್ನೆಯಲ್ಲಿ ಇನ್ನೊಂದು ಹೆಜ್ಜೆ ಹೆಚ್ಚು. ‘ಡಸ್’ ಬಿಟ್ಟುಹೋಗುತ್ತದೆ, ಅದರಲ್ಲಿದ್ದ ‘ಸ್’ ಕ್ರಿಯಾಪದಕ್ಕೆ ಮರಳುತ್ತದೆ: ‘ಐ ನೋ ವೇರ್ ಸೀತಾ ಲಿವ್ಸ್’. ಈ ಹೆಜ್ಜೆಯನ್ನು ಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿದರೆ ಒಳ್ಳೆಯದು.

ಉದಾಹರಣೆಯ ಆಯ್ಕೆಯಲ್ಲಿಯೂ ಎಚ್ಚರ ಬೇಕು. ‘ಹೂ ಕೇಮ್?’ ಎಂಬ ಪ್ರಶ್ನೆ ‘ಐ ನೋ ಹೂ ಕೇಮ್’ ಆದಾಗ ಏನೂ ಬದಲಾಗುವುದಿಲ್ಲ, ಏಕೆಂದರೆ ಅಲ್ಲಿ ‘ಹೂ’ ತಾನೇ ಉಪವಾಕ್ಯದ ಕರ್ತೃ. ಸುಲಭವೆಂದು ಇದರಿಂದ ಆರಂಭಿಸಿದರೆ, ಪ್ರಶ್ನೆಯನ್ನು ಇದ್ದಂತೆಯೇ ಜೋಡಿಸಬಹುದು ಎಂದು ಮಕ್ಕಳು ತಿಳಿಯುತ್ತಾರೆ. ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಕರ್ತೃ-ಕರ್ಮ ಭೇದ ಆರಂಭದ ಪದದ ಮೇಲೂ ಪರಿಣಾಮ ಬೀರುತ್ತದೆ. ಕರ್ಮವಾಗಿದ್ದಾಗ ನೋ, ಥಿಂಕ್, ಸೇ ಮುಂತಾದ ಕ್ರಿಯಾಪದಗಳ ನಂತರ ‘ದಟ್’ ಬಿಡಬಹುದು: ‘ರಾಮು ನೋಸ್ ದ ಬಸ್ ವಿಲ್ ಕಮ್’. ಕರ್ತೃವಾಗಿ ವಾಕ್ಯದ ಮೊದಲಲ್ಲಿದ್ದಾಗ ಬಿಡುವಂತಿಲ್ಲ. ಬಿಟ್ಟರೆ ಓದುಗ ‘ದ ಬಸ್ ವಿಲ್ ಕಮ್’ ಎಂಬುದನ್ನೇ ಮುಖ್ಯ ವಾಕ್ಯವೆಂದು ತಿಳಿದು, ಮುಂದೆ ‘ಈಸ್ ಟ್ರೂ’ ಬಂದಾಗ ತಡವರಿಸುತ್ತಾನೆ. ಹಾಗೆಯೇ ‘ಆಸ್ಕ್’ ನಂತರ ‘ವೆದರ್’ ಬದಲು ‘ಇಫ್’ ಬರಬಹುದು. ವಾಕ್ಯದ ಮೊದಲಲ್ಲಿ ಕರ್ತೃವಾಗಿ ಬಂದಾಗ ‘ವೆದರ್’ ಮಾತ್ರ ಸರಿ, ಏಕೆಂದರೆ ಅಲ್ಲಿ ‘ಇಫ್’ ಕಂಡರೆ ಷರತ್ತಿನ ಅರ್ಥ ಹೊಳೆಯುತ್ತದೆ.

ಪಾಠದ ಕೊನೆಯ ಮೌಲ್ಯಮಾಪನಕ್ಕೆ ಖಾಲಿ ಜಾಗ ತುಂಬುವ ಪ್ರಶ್ನೆ ಸಾಲದು. ‘ಐ ಡೋಂಟ್ ನೋ’ ನಂತರ ‘ವೆನ್’ ತುಂಬಿದ ಮಗು ಪದಕ್ರಮ ಕಲಿತಿದೆಯೋ ಇಲ್ಲವೋ ಎಂಬುದು ಅದರಿಂದ ತಿಳಿಯುವುದಿಲ್ಲ. ‘ವೇರ್ ಡಸ್ ಯುವರ್ ಫ್ರೆಂಡ್ ಲಿವ್?’ ಎಂಬ ಪ್ರಶ್ನೆ ಕೊಟ್ಟು, ಅದನ್ನು ಒಮ್ಮೆ ‘ಐ ನೋ’ ನಂತರ ಕರ್ಮವಾಗಿ, ಒಮ್ಮೆ ‘ಈಸ್ ನಾಟ್ ಕ್ಲಿಯರ್’ ಮೊದಲು ಕರ್ತೃವಾಗಿ ಬರೆಯಿಸಿ. ಎರಡರಲ್ಲಿಯೂ ‘ಡಸ್’ ಬಿದ್ದುಹೋಗಿ ‘ಲಿವ್ಸ್’ ಬಂದಿದ್ದರೆ, ‘ದಟ್’ ಎಲ್ಲಿಯೂ ನುಸುಳದಿದ್ದರೆ, ಪಾಠ ಮುಂದುವರಿಸಬಹುದು. ‘ದಟ್’ ಉಳಿದಿದ್ದರೆ ‘ಎಂಬುದು’ವಿನ ಹೋಲಿಕೆಗೆ ಮರಳಬೇಕು, ‘ಡಸ್’ ಉಳಿದಿದ್ದರೆ ಹೇಳಿಕೆಯ ಪದಕ್ರಮಕ್ಕೆ.